ಪ್ರಯಾಣದಲ್ಲೂ ಮನೆಯ ಜೆಲ್ಲಿಫಿನ್: ಪೋರ್ಟ್ ತೆರೆಯದೆ ಸರಿಪಡಿಸಿದ್ದು

ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಜೆಲ್ಲಿಫಿನ್ ಇದೆ, ಅದರಲ್ಲಿರುವ ವಿಡಿಯೊಗಳನ್ನು ಫೋನಿನಂಥ ಬೇರೆ ಸಾಧನಗಳಲ್ಲಿ ನೋಡಲು ಬಿಡುವ ಸರ್ವರ್ ಅದು. ಊರಿಗೆ ಹೋದಾಗಲೂ ನೋಡಬೇಕೆಂದು ರೌಟರಿನಲ್ಲಿ 8096 ಪೋರ್ಟ್ ಫಾರ್ವರ್ಡ್ ಮಾಡಿದೆ. ತಲುಪಲೇ ಇಲ್ಲ. ರೌಟರಿನ ವ್ಯಾನ್ ವಿಳಾಸ 100.72ರಿಂದ ಶುರುವಾಗಿತ್ತು. ಅಂದರೆ ನಾವು ಸಿಜಿನ್ಯಾಟ್ ಹಿಂದೆ ಇದ್ದೇವೆ, ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿವೆ, ಹಾಗಾಗಿ ಹೊರಗಿನ ಸಂಪರ್ಕ ನಮ್ಮ ರೌಟರಿನವರೆಗೆ ಬರುವುದೇ ಇಲ್ಲ. ಆ ಫಾರ್ವರ್ಡ್ ತೆಗೆದುಹಾಕಿದೆ. ಲಾಗಿನ್ ಪುಟವನ್ನು ಇಡೀ ಜಗತ್ತಿಗೆ ತೆರೆದಿಡುವುದು ನನಗೆ ಹೇಗೂ ಒಪ್ಪಿಗೆಯಿರಲಿಲ್ಲ.

ಲ್ಯಾಪ್‌ಟಾಪ್, ಫೋನ್ ಎರಡಕ್ಕೂ ನಮ್ಮ ಸಾಧನಗಳನ್ನು ಒಂದೇ ಖಾಸಗಿ ಜಾಲದಲ್ಲಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿ ಒಂದೇ ಖಾತೆಯಲ್ಲಿ ಲಾಗಿನ್ ಆದೆ. ಲ್ಯಾಪ್‌ಟಾಪಿನಲ್ಲಿ `tailscale ip -4` ಕೊಟ್ಟಾಗ ಬಂದ ವಿಳಾಸದ ಕೊನೆಗೆ `:8096` ಸೇರಿಸಿ ಫೋನಿನ ಆ್ಯಪ್‌ಗೆ ಕೊಟ್ಟೆ. ತಕ್ಷಣ ತೆರೆಯಿತು.

ಆದರೆ ರೈಲಿನಲ್ಲಿ ವಿಡಿಯೊ ನಿಂತು ನಿಂತು ಓಡುತ್ತಿತ್ತು. ಮನೆಯಲ್ಲಿದ್ದ ತಮ್ಮನಿಗೆ ಹೇಳಿ ಲ್ಯಾಪ್‌ಟಾಪಿನಿಂದ ನನ್ನ ಫೋನಿಗೆ ಇದನ್ನು ಓಡಿಸಿದೆ:

```
tailscale ping phone
```

ಪ್ರತಿ ಸಾಲಿನಲ್ಲೂ `via DERP` ಬಂತು. ನೇರ ದಾರಿ ಸಿಗದೆ ದತ್ತಾಂಶ ಮಧ್ಯದ ರಿಲೇ ಸರ್ವರ್ ಸುತ್ತಿ ಬರುತ್ತಿತ್ತು. ಎನ್‌ಕ್ರಿಪ್ಷನ್ ಹಾಗೇ ಇರುತ್ತದೆ, ವೇಗ ಮಾತ್ರ ಕಡಿಮೆ. ಆ್ಯಪಿನ ಗುಣಮಟ್ಟವನ್ನು 3 ಎಂಬಿಪಿಎಸ್‌ಗೆ ಇಳಿಸಿದೆ. ಲ್ಯಾಪ್‌ಟಾಪ್ ಟ್ರಾನ್ಸ್‌ಕೋಡ್ ಮಾಡಿ ಕಳಿಸತೊಡಗಿತು, ಆಮೇಲೆ ತಡೆಯಿಲ್ಲ. ಲ್ಯಾಪ್‌ಟಾಪಿನ ಲಾಗಿನ್ ಕೀ ಅವಧಿ ಮುಗಿಯುವುದನ್ನೂ ಟೇಲ್‌ಸ್ಕೇಲಿನ ಅಡ್ಮಿನ್ ಪುಟದಲ್ಲಿ ನಿಲ್ಲಿಸಿದ್ದೇನೆ. ಇಲ್ಲದಿದ್ದರೆ 180 ದಿನಕ್ಕೊಮ್ಮೆ ಮನೆಯಲ್ಲೇ ಕೂತು ಮತ್ತೆ ಲಾಗಿನ್ ಆಗಬೇಕು.