ಲೇಸರ್ ಮಶೀನ್: ಕೊಳ್ಳುವುದಾ, ಲೀಸ್‌ಗೆ ತರುವುದಾ?

ಡೊಂಬಿವಲಿ ಸ್ಟೇಶನ್ ಹತ್ತಿರ ಎರಡು ಕೋಣೆಯ ಒಂದು ಸ್ಕಿನ್ ಕ್ಲಿನಿಕ್ ಇದೆ ಅಂತಿಟ್ಟುಕೊಳ್ಳೋಣ. ನಡೆಸುವವರು ಹುಬ್ಬಳ್ಳಿ ಕಡೆಯ ಡಾಕ್ಟರಮ್ಮ. ಬೇಡದ ಕೂದಲು ತೆಗೆಯುವ ಲೇಸರ್ ಇದೆಯಾ ಅಂತ ಪೇಶಂಟ್‌ಗಳು ಕೇಳುತ್ತಲೇ ಇದ್ದಾರೆ. ಡಯೋಡ್ ಲೇಸರ್ ಮಶೀನಿಗೆ 15 ಲಕ್ಷ ಅಂತ ಕೊಟೇಶನ್ ಬಂದಿದೆ. ಮಾರುವವನು ‘ಮೇಡಮ್, ದಿನಕ್ಕೆ ಒಬ್ಬರು ಬಂದರೂ ಇಎಂಐ ಹೊರಟುಹೋಗುತ್ತೆ’ ಅನ್ನುತ್ತಾನೆ. ಆ ಮಾತು ಸುಳ್ಳಲ್ಲ. ಆದರೆ ಇಎಂಐ ಒಂದೇ ಖರ್ಚಲ್ಲ, ಅಲ್ವಾ?

ಇಲ್ಲಿರುವ ಬೆಲೆ, ಬಾಡಿಗೆ, ಬಡ್ಡಿ ಎಲ್ಲ ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ನಿಮ್ಮ ಕೈಲಿರುವ ಕೊಟೇಶನ್ನಿನ ಅಂಕಿ ಹಾಕಿ ಇದೇ ದಾರಿಯಲ್ಲಿ ನೋಡಿ.

ಮೊದಲು ಸಿಟಿಂಗ್ ಎಣಿಸಿ

ಕೇಳಿಹೋದವರನ್ನು ಎಣಿಸಬೇಡಿ. ಅಡ್ವಾನ್ಸ್ ಕೊಟ್ಟವರನ್ನಷ್ಟೇ ಎಣಿಸಿ. ಒಬ್ಬರಿಗೆ ಸಾಮಾನ್ಯವಾಗಿ 6ರಿಂದ 8 ಸಿಟಿಂಗ್ ಬೇಕು. ನಡುವೆ ನಾಲ್ಕರಿಂದ ಎಂಟು ವಾರ ಬಿಡಬೇಕು. ಹಾಗಾಗಿ 40 ಜನ ಸೇರಿದ್ದರೂ ತಿಂಗಳಿಗೆ ಸಿಗುವುದು 30ರ ಆಸುಪಾಸು. ವರ್ಷದೊಳಗೆ ಅವರ ಕೋರ್ಸ್ ಮುಗಿಯುತ್ತದೆ, ಹೊಸಬರು ಬರಲೇಬೇಕು. ಮೊದಲ ವರ್ಷದ ಜನ ನೋಡಿ ನಾಲ್ಕು ವರ್ಷದ ಲೆಕ್ಕ ಹಾಕಿದರೆ ಎಡವುವುದು ಇಲ್ಲೇ.

ಮುಂಬಯಿಯ ವರ್ಷವೂ ಒಂದೇ ಸಮ ಇರುವುದಿಲ್ಲ. ದೀಪಾವಳಿ ಮತ್ತು ಮದುವೆ ಸೀಸನ್ನಿಗೆ ಮುಂಚೆ ಕೆಲಸ ಜಾಸ್ತಿ. ಚಾತುರ್ಮಾಸದಲ್ಲಿ ಮದುವೆ ಕಮ್ಮಿ, ಜೊತೆಗೆ ಮಳೆ. ಮೇ ತಿಂಗಳಲ್ಲಿ ಬಿಸಿಲಿಗೆ ಚರ್ಮ ಕಪ್ಪಾದವರು ಬಂದರೆ ನೀವೇ ಸಿಟಿಂಗ್ ಮುಂದೆ ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಸುಟ್ಟ ಕಲೆ ಬೀಳುವ ಭಯ. ಆದ್ದರಿಂದ ಒಳ್ಳೆಯ ತಿಂಗಳನ್ನಲ್ಲ, ಜುಲೈ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಎಣಿಸಿ.

ಕೊಂಡರೆ ನಿಜವಾದ ಖರ್ಚು

15 ಲಕ್ಷದಲ್ಲಿ 3 ಲಕ್ಷ ಕೈಯಿಂದ, 12 ಲಕ್ಷ ಸಾಲ. ಶೇ 12 ಬಡ್ಡಿ, 48 ತಿಂಗಳು ಅಂದರೆ ಇಎಂಐ ಸುಮಾರು 31,600 ರೂಪಾಯಿ. ಕೈಯಿಂದ ಹಾಕಿದ್ದನ್ನೂ ಸೇರಿಸಿದರೆ ಒಟ್ಟು 18.17 ಲಕ್ಷ.

ಮೊದಲ ವರ್ಷ ವಾರಂಟಿ. ಆಮೇಲಿನ ಮೂರು ವರ್ಷಕ್ಕೆ ಬಿಡಿಭಾಗವೂ ಸೇರಿದ ಸರ್ವಿಸ್ ಒಪ್ಪಂದ, ಅಂದರೆ ಸಿಎಂಸಿ, ಬೇಕು. ವರ್ಷಕ್ಕೆ 1.2 ಲಕ್ಷದಂತೆ 3.6 ಲಕ್ಷ. ಎಎಂಸಿ ಅಂತ ಅಗ್ಗಕ್ಕೆ ಕೊಡುವುದರಲ್ಲಿ ಸಾಮಾನ್ಯವಾಗಿ ಎಂಜಿನಿಯರ್ ಬಂದು ನೋಡುವುದಷ್ಟೇ ಇರುತ್ತದೆ, ಭಾಗದ ದುಡ್ಡು ನಿಮ್ಮದೇ.

ಇನ್ನು ಎಲ್ಲರೂ ಮರೆಯುವ ಹ್ಯಾಂಡ್‌ಪೀಸ್. ಲೇಸರ್ ಹೊಮ್ಮುವುದು ಅದರಿಂದ, ಸವೆಯುವುದೂ ಅದೇ. ಅದಕ್ಕೆ ಇಂತಿಷ್ಟು ಶಾಟ್ ಅಂತ ಆಯುಷ್ಯ ಇರುತ್ತದೆ. ಕೊಟೇಶನ್ನಿನಲ್ಲಿ 1 ಕೋಟಿ ಶಾಟ್ ಅಂತ ಬರೆದಿದೆ ಅನ್ನಿ. ಹ್ಯಾಂಡ್‌ಪೀಸನ್ನು ಚರ್ಮದ ಮೇಲೆ ಜಾರಿಸುತ್ತ ಹೋಗುವ ವಿಧಾನದಲ್ಲಿ ಶಾಟ್ ಬೇಗ ಖರ್ಚಾಗುತ್ತವೆ. ಕೈ, ಕಾಲು, ಕಂಕುಳು ಎಲ್ಲ ಸೇರಿ ಸರಾಸರಿ ಸಿಟಿಂಗಿಗೆ 5,000 ಅಂತ ಹಿಡಿದರೆ, ತಿಂಗಳಿಗೆ 50 ಸಿಟಿಂಗ್‌ಗೆ 2.5 ಲಕ್ಷ ಶಾಟ್. 40 ತಿಂಗಳಿಗೆ ಕೋಟಿ ಮುಗಿಯಿತು. ಸಾಲ ತೀರಲು ಇನ್ನೂ ಎಂಟು ತಿಂಗಳಿರುವಾಗ ಹೊಸ ಹ್ಯಾಂಡ್‌ಪೀಸ್‌ಗೆ 3.5 ಲಕ್ಷ.

ಅದು ಒಂದೇ ದಿನ ಕೈಕೊಡುವುದೂ ಇಲ್ಲ. ಮೊದಲು ಶಕ್ತಿ ಕುಗ್ಗುತ್ತದೆ. ಸ್ಕ್ರೀನಿನಲ್ಲಿ ಕಾಣುವುದು ನೀವು ಕೇಳಿದ ಅಂಕಿ, ತುದಿಯಿಂದ ಹೊರಬಿದ್ದದ್ದು ಅಷ್ಟೇ ಇರಬೇಕೆಂದಿಲ್ಲ. ಹಳೇ ಸೆಟ್ಟಿಂಗ್‌ನಲ್ಲಿ ಪೇಶಂಟಿಗೆ ಬಿಸಿ ತಾಗುತ್ತಿಲ್ಲ, ಎರಡು ವಾರವಾದರೂ ಕೂದಲು ಉದುರುತ್ತಿಲ್ಲ ಅಂದರೆ ಸುಮ್ನೆ ಅಂಕಿ ಏರಿಸುತ್ತ ಹೋಗಬೇಡಿ. ಪವರ್ ಮೀಟರ್ ತರಿಸಿ ಅಳೆಸಿ. ಸೆಕೆಂಡ್‌ಹ್ಯಾಂಡ್ ಅಥವಾ ಡೆಮೊ ಮಶೀನ್ ನೋಡಲು ಹೋದರೂ ಮೊದಲು ಕೇಳಬೇಕಾದದ್ದು ಶಾಟ್ ಕೌಂಟರ್.

ನಾಲ್ಕು ವರ್ಷದ ಮೇಲೆ ಮಾರಿದರೆ 3 ಲಕ್ಷ ಬಂತು ಅನ್ನೋಣ. ಎಲ್ಲ ಕೂಡಿ ಕಳೆದರೆ 22.27 ಲಕ್ಷ. ತಿಂಗಳಿಗೆ 46,400. ಇಎಂಐಗಿಂತ 15 ಸಾವಿರ ಜಾಸ್ತಿ!

ಲೀಸ್ ಕಾಗದ ಓದುವ ಬಗೆ

ಅದೇ ಮಶೀನ್ ತಿಂಗಳಿಗೆ 52,000ದಂತೆ 48 ತಿಂಗಳ ಲೀಸ್‌ಗೆ ಸಿಗುತ್ತದೆ, ಸರ್ವಿಸ್ ಮತ್ತು ಹ್ಯಾಂಡ್‌ಪೀಸ್ ಅವರದೇ. ಒಟ್ಟು 24.96 ಲಕ್ಷ. ಕೊಳ್ಳುವುದಕ್ಕಿಂತ 2.7 ಲಕ್ಷ ಜಾಸ್ತಿ ಆಯಿತು. ಹ್ಯಾಂಡ್‌ಪೀಸಿನ ತಲೆನೋವು ಇಲ್ಲ, ಆರಂಭದ 3 ಲಕ್ಷವೂ ಕೈಯಲ್ಲೇ ಉಳಿಯಿತು ಅಂದರೆ ಇದು ಕೆಟ್ಟ ಬೆಲೆಯಲ್ಲ. ಹ್ಯಾಂಡ್‌ಪೀಸ್ ನಿಮ್ಮ ತಲೆಗೇ ಬಂದರೆ ಮಾತ್ರ ಆ ಲೀಸ್ ಬೇಡ.

ಮುಖ್ಯ ಪ್ರಶ್ನೆ ಬೇರೆ. ನಡುವೆ ಬಿಡಬಹುದಾ? 48 ತಿಂಗಳೂ ಲಾಕ್-ಇನ್ ಇದ್ದರೆ ಅದು ಹೆಸರಿಗೆ ಲೀಸ್, ನಡೆಯುವುದು ಸಾಲದಂತೆ. ಕೊನೆಗೆ ಮಶೀನ್ ಕೂಡ ನಿಮ್ಮದಲ್ಲ. ನಿಮ್ಮ ಕ್ಲಿನಿಕ್ ಇರುವ ಗಾಳೆಯ ಲೀವ್ ಅಂಡ್ ಲೈಸೆನ್ಸ್ ಎಷ್ಟು ದಿನದ್ದು ಅಂತ ಜೊತೆಗಿಟ್ಟು ನೋಡಿ. ಜಾಗ 11 ತಿಂಗಳದ್ದು, ಮಶೀನ್ 48 ತಿಂಗಳದ್ದು ಅಂದರೆ ಜಾಗ ಬದಲಿಸುವಾಗ ಸಾಗಿಸಿ ಮತ್ತೆ ಕೂರಿಸುವ ಖರ್ಚು ಯಾರದು ಅಂತ ಬರೆಸಿಕೊಳ್ಳಬೇಕು. ತಿಂಗಳಿಗೆ ಇಷ್ಟೇ ಶಾಟ್ ಎಂಬ ಮಿತಿ ಇದೆಯಾ, ಮಶೀನ್ ಕೆಟ್ಟು ನಿಂತ ದಿನಗಳ ಬಾಡಿಗೆ ಬಿಡುತ್ತಾರಾ ಎನ್ನುವುದನ್ನೂ ಬಾಯಿಮಾತಿಗೆ ಬಿಡಬೇಡಿ.

‘ಲೀಸ್ ಆದರೆ ಹೊಸ ಮಾಡೆಲ್ ಬಂದಾಗ ಬದಲಿಸಬಹುದು’ ಎಂಬ ಮಾತಿಗೆ ಕೂದಲಿನ ಲೇಸರ್ ವಿಷಯದಲ್ಲಿ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಡಯೋಡ್ ಲೇಸರ್ ಹಳೇ ತಂತ್ರ, ನಾಲ್ಕು ವರ್ಷಕ್ಕೆ ಮೂಲೆಗೆ ಹೋಗುವಂಥದ್ದಲ್ಲ. ಫ್ಯಾಶನ್‌ನಂತೆ ಬಂದುಹೋಗುವ ಟ್ರೀಟ್‌ಮೆಂಟ್ ಮಶೀನಿಗೆ ಆ ವಾದ ಸರಿ.

ದಿನದ ಬಾಡಿಗೆಯನ್ನೂ ಪಕ್ಕಕ್ಕಿಡಿ

ಮಶೀನನ್ನು ಗಾಡಿಯಲ್ಲಿ ತಂದು ಸಂಜೆ ಒಯ್ಯುವವರಿದ್ದಾರೆ. ದಿನಕ್ಕೆ 7,000 ಅಂತ ಹಿಡಿಯಿರಿ. ಒಂದು ಸಿಟಿಂಗಿನಲ್ಲಿ ಜೆಲ್, ಸಹಾಯಕಿಯ ಪಾಲು ಕಳೆದು 2,000 ಉಳಿದರೆ, ನಾಲ್ಕು ಜನ ಬಂದ ದಿನ ಬಾಡಿಗೆ ಹೊರಟಿತು. ಕೊಂಡ ಮಶೀನಿಗೆ ತಿಂಗಳಿಗೆ 24 ಸಿಟಿಂಗ್ ಬೇಕು, ಲೀಸ್‌ಗೆ 26. ಜುಲೈಯಲ್ಲಿ 15 ಜನ ಬಂದರೆ ಕೊಂಡವರಿಗೆ 16,400, ಲೀಸ್‌ನವರಿಗೆ 22,000 ಕೈಯಿಂದ ಹೋಗುತ್ತದೆ. ದಿನದ ಬಾಡಿಗೆಯವರು ಎರಡು ದಿನ ತರಿಸಿದರೆ 14,000 ಕೊಟ್ಟು 16,000 ಉಳಿಸಿಕೊಳ್ಳುತ್ತಾರೆ.

46,400ರಲ್ಲಿ ದಿನದ ಬಾಡಿಗೆ ಆರು ದಿನಕ್ಕೆ ಸಾಲುತ್ತದೆ. ದಿನಕ್ಕೆ ಎಂಟು ಜನರಂತೆ 48 ಸಿಟಿಂಗ್. ಅದರೊಳಗೇ ಇದ್ದರೆ ಬಾಡಿಗೆ ಸಾಕು. ಆದರೆ ಪೇಶಂಟ್‌ಗಳು ನಿಮ್ಮ ದಿನಕ್ಕೇ ಬರಬೇಕು, ಮತ್ತು ಗುಂಡಿಬಿದ್ದ ರಸ್ತೆಯಲ್ಲಿ ಅಲ್ಲಾಡಿ ಬಂದ ಮಶೀನನ್ನು ಪ್ರತಿಸಲ ಪರೀಕ್ಷಿಸಬೇಕು.

ತೆರಿಗೆ

ಸೌಂದರ್ಯಕ್ಕಾಗಿ ಮಾಡುವ ಟ್ರೀಟ್‌ಮೆಂಟಿಗೆ ವೈದ್ಯಕೀಯ ಸೇವೆಯ ಜಿಎಸ್‌ಟಿ ವಿನಾಯಿತಿ ಇಲ್ಲ. ಜಿಎಸ್‌ಟಿ ನೋಂದಣಿ ಇದ್ದರೆ ಮಶೀನಿನ ಮೇಲೆ ಅಥವಾ ಲೀಸ್ ಮೇಲೆ ಕೊಟ್ಟ ತೆರಿಗೆಯನ್ನು ಆ ಪ್ರಮಾಣದಲ್ಲಿ ಹಿಂಪಡೆಯಬಹುದು. ನೋಂದಣಿ ಇಲ್ಲದಿದ್ದರೆ ಅದೂ ಖರ್ಚೇ, ಮೇಲಿನ ಲೆಕ್ಕಕ್ಕೆ ಸೇರಿಸಿ. ಆದಾಯ ತೆರಿಗೆಯಲ್ಲಿ ಲೀಸ್ ಬಾಡಿಗೆ ಪೂರ್ತಿ ಖರ್ಚು. ಕೊಂಡ ಮಶೀನಿಗೆ ವರ್ಷಕ್ಕೆ ಶೇ 15 ಸವಕಳಿ, ಕೊಂಡ ವರ್ಷ 180 ದಿನಕ್ಕಿಂತ ಕಮ್ಮಿ ಬಳಸಿದ್ದರೆ ಅದರ ಅರ್ಧ. ಬಂದ ಫೀಸಿನ ಅರ್ಧವನ್ನೇ ಲಾಭ ಅಂತ ತೋರಿಸುವ ಸರಳ ಯೋಜನೆಯಲ್ಲಿದ್ದರೆ ಎರಡಕ್ಕೂ ಬೇರೆ ರಿಯಾಯಿತಿ ಇಲ್ಲ. ಹಾಗಿರುವಾಗ ‘ಲೀಸ್‌ನಲ್ಲಿ ತೆರಿಗೆ ಉಳಿಯುತ್ತೆ’ ಎಂಬ ಮಾತಿಗೆ ಮರುಳಾಗಬೇಡಿ.

ನಮ್ಮ ಡೊಂಬಿವಲಿಯ ಡಾಕ್ಟರಮ್ಮನಿಗೆ ಸದ್ಯ 30 ಸಿಟಿಂಗ್ ಇವೆ. ನಾಲ್ಕು ದಿನದ ಬಾಡಿಗೆ 28,000ದಲ್ಲಿ ಕೆಲಸ ಸಾಗುತ್ತದೆ. ಮಳೆಗಾಲ ಸೇರಿ ವರ್ಷದ ಸರಾಸರಿ 50 ದಾಟಿದ ಮೇಲೆ, ವೈದ್ಯಕೀಯ ಉಪಕರಣ ನಿಯಂತ್ರಿಸುವ ಕೇಂದ್ರ ಸಂಸ್ಥೆ ಸಿಡಿಎಸ್‌ಸಿಒ ಕೊಟ್ಟ ಆಮದು ಪರವಾನಗಿಯ ಪ್ರತಿ ಮತ್ತು ಹ್ಯಾಂಡ್‌ಪೀಸಿನ ಬೆಲೆಯನ್ನು ಕಾಗದದಲ್ಲಿ ಪಡೆದು, ಸಾಲ ಮಾಡಿ ಕೊಳ್ಳುವುದು ಅವರಿಗೆ ಒಳ್ಳೆಯದು.