ಕೆಂಪು ಕ್ಯಾಬೇಜಿನ ರಸದಲ್ಲಿ ಪಿಎಚ್ ಪಾಠ: ಬಣ್ಣದ ಪಟ್ಟಿಯನ್ನು ಮಕ್ಕಳೇ ಮಾಡಲಿ

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ವಿಜ್ಞಾನ ಮೇಳಗಳಲ್ಲಿ ಕೆಂಪು ಕ್ಯಾಬೇಜಿನ ಪ್ರಯೋಗ ಕಾಣಸಿಗುತ್ತದೆ. ಲಿಂಬೆ ಹಾಕಿದರೆ ಕೆಂಪು, ಸೋಡ ಹಾಕಿದರೆ ನೀಲಿ, ಚಪ್ಪಾಳೆ. ಪಕ್ಕದಲ್ಲಿ ಇಂಟರ್‌ನೆಟ್ಟಿನಿಂದ ಪ್ರಿಂಟ್ ತೆಗೆದ ಬಣ್ಣದ ಪಟ್ಟಿ. ಆ ಪಟ್ಟಿಯ ಬಣ್ಣಕ್ಕೂ ಗ್ಲಾಸಿನಲ್ಲಿರುವ ಬಣ್ಣಕ್ಕೂ ತಾಳೆಯೇ ಇರುವುದಿಲ್ಲ. ಆಗ ಮಕ್ಕಳು ಗ್ಲಾಸನ್ನು ಬಿಟ್ಟು ಪಟ್ಟಿ ನೋಡಿ ನಂಬರ್ ಬರೆಯುತ್ತಾರೆ. ಪಾಠ ಕೆಡುವುದು ಇಲ್ಲೇ.

ರಸ ತೆಗೆಯುವುದು ಸುಲಭ. ಕಾಲು ಕ್ಯಾಬೇಜ್ ಸಣ್ಣಗೆ ಹೆಚ್ಚಿ, ಸ್ಟೀಲ್ ಪಾತ್ರೆಯಲ್ಲಿ ಎರಡು ಗ್ಲಾಸ್ ಕುದಿಯುವ ನೀರು ಹೊಯ್ದು, ಹತ್ತು ನಿಮಿಷ ಮುಚ್ಚಿಟ್ಟು ಸೋಸಿ. ಕಬ್ಬಿಣದ ಬಾಣಲೆ ಬೇಡ, ಕಬ್ಬಿಣ ಸೇರಿದರೆ ಬಣ್ಣವೇ ಬೇರೆಯಾಗುತ್ತದೆ. ಕ್ಯಾಬೇಜ್ ಸಿಗದಿದ್ದರೆ ದಾಸವಾಳ ಸಾಕು ಎನ್ನುವವರಿದ್ದಾರೆ. ಆಮ್ಲವೋ ಪ್ರತ್ಯಾಮ್ಲವೋ ಎಂದು ತಿಳಿಯಲು ಅದು ಸಾಕು. ಆದರೆ ಪಿಎಚ್ ಮೆಟ್ಟಿಲುಗಳನ್ನು ತೋರಿಸಬೇಕಾದರೆ ಮಂಗಳೂರಿನಿಂದಾದರೂ ಕ್ಯಾಬೇಜನ್ನೇ ತರಿಸಿ.

ಈಗ ಪಟ್ಟಿ ಮಾಡುವ ಕೆಲಸ. ಇದಕ್ಕೆ ಒಂದು ಪೀರಿಯಡ್ ಪೂರ್ತಿ ಕೊಡಿ. ಒಂದೇ ಅಳತೆಯ ಆರು ಬಿಳಿ ಕಪ್ ಸಾಲಾಗಿಡಿ. ಒಂದೊಂದರಲ್ಲೂ ಒಂದು ಟೀ ಚಮಚ ದ್ರವ, ಅದಕ್ಕೆ ಇಪ್ಪತ್ತು ಹನಿ ರಸ. ಅಂದಾಜಿಗೆ ಸುರಿಯಬೇಡಿ. ಒಂದು ಕಪ್ಪಿಗೆ ರಸ ಜಾಸ್ತಿ ಬಿದ್ದರೆ ಅದು ಗಾಢವಾಗಿ ಕಾಣುತ್ತದೆ, ಮಕ್ಕಳು ಗಾಢ ಎಂದರೆ ಹೆಚ್ಚು ಆಮ್ಲ ಎಂದುಕೊಳ್ಳುತ್ತಾರೆ. ಲಿಂಬೆರಸದ ಪಿಎಚ್ 2ರ ಆಸುಪಾಸು, ಬಣ್ಣ ಕೆಂಪು. ವಿನೆಗರ್ 3ರ ಹತ್ತಿರ, ಗುಲಾಬಿ. ಬೊಂಡದ ನೀರು ಸುಮಾರು 5, ಕೆಂಪು ಛಾಯೆಯ ನೇರಳೆ. ಅಡುಗೆ ಸೋಡದ ನೀರು 8ಕ್ಕಿಂತ ಸ್ವಲ್ಪ ಮೇಲೆ, ನೀಲಿ. ವಾಷಿಂಗ್ ಸೋಡ 11, ಹಸಿರು. ಕೊನೆಯದು ಸುಣ್ಣದ ತಿಳಿ. ವೀಳ್ಯದೆಲೆಗೆ ಹಚ್ಚುವ ಸುಣ್ಣವನ್ನು ನೀರಲ್ಲಿ ಕಲಕಿ ರಾತ್ರಿ ಮುಚ್ಚಿಟ್ಟರೆ ಮೇಲೆ ತಿಳಿ ನಿಲ್ಲುತ್ತದೆ, ಅದರ ಪಿಎಚ್ 12ಕ್ಕೂ ಜಾಸ್ತಿ. ಇದನ್ನು ಮೇಷ್ಟ್ರೇ ಹಾಕಬೇಕು, ಕಣ್ಣಿಗೆ ಬಿದ್ದರೆ ಅಪಾಯ. ಬಣ್ಣ ಹಸಿರಿನಿಂದ ನೋಡನೋಡುತ್ತಲೇ ಹಳದಿಗೆ ತಿರುಗುತ್ತದೆ.

ಈ ಹಳದಿಯ ಹತ್ತಿರ ಸ್ವಲ್ಪ ನಿಲ್ಲಿ. ಅಡುಗೆ ಸೋಡದ ನೀಲಿ ಕಪ್ಪಿಗೆ ಲಿಂಬೆ ಹಿಂಡಿದರೆ ಬಣ್ಣ ನೇರಳೆಗೆ, ಕೆಂಪಿಗೆ ಮರಳುತ್ತದೆ. ಅರ್ಧ ಗಂಟೆ ಹಳದಿಯಾಗಿ ನಿಂತ ಸುಣ್ಣದ ಕಪ್ಪಿಗೆ ಹಿಂಡಿದರೆ ಮೊದಲಿನ ಬಣ್ಣ ಪೂರ್ತಿ ಬರುವುದಿಲ್ಲ. ರಸಕ್ಕೆ ಬಣ್ಣ ಕೊಡುವ ಆಂಥೋಸಯನಿನ್ ಜೋರು ಪ್ರತ್ಯಾಮ್ಲದಲ್ಲಿ ಒಡೆದುಹೋಗಿರುತ್ತದೆ. ಹಾಗಾಗಿ ಸುಣ್ಣದ ಕಪ್ಪಿನ ಬಣ್ಣವನ್ನು ಎರಡು ನಿಮಿಷದೊಳಗೆ ನೋಡಿ, ಕ್ರೇಯಾನಿನಲ್ಲಿ ಪಟ್ಟಿಗೆ ಹಚ್ಚಿಸಿಬಿಡಿ. ಬಟ್ಟೆ ಬಿಳಿ ಮಾಡುವ ಬ್ಲೀಚ್ ತರಲೇಬೇಡಿ. ಅದು ಬಣ್ಣವನ್ನೇ ಅಳಿಸುತ್ತದೆ, ಪಿಎಚ್ ತೋರಿಸುವುದಿಲ್ಲ. ಆಮ್ಲ ತಾಗಿದರೆ ವಿಷದ ಕ್ಲೋರಿನ್ ಅನಿಲ ಬೇರೆ ಬರುತ್ತದೆ.

7ಕ್ಕೆ ಏನು ಇಡುವುದು? ಬಾವಿ ನೀರು ಎಂದು ಸುಮ್ನೆ ಬರೆದುಬಿಡುತ್ತಾರೆ. ನಮ್ಮ ಮುರಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲದ ಕಡೆಗೇ ಇರುತ್ತದೆ. 6 ಆದರೂ 7 ಆದರೂ ಕ್ಯಾಬೇಜ್ ರಸ ನೇರಳೆಯೇ, ಈ ನಡುವಿನ ಜಾಗದಲ್ಲಿ ಅದರ ಕಣ್ಣು ಮಂದ. ಆದ್ದರಿಂದ ನೇರಳೆಯ ಎದುರು 7 ಎಂದಲ್ಲ, ‘6ರಿಂದ 7’ ಎಂದು ಬರೆಸಿ. ಸೋಡಗಳನ್ನು ಕರಗಿಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ.

ಇನ್ನು ಹತ್ತು ಪಟ್ಟಿನ ಲೆಕ್ಕ. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಈ ಅಳತೆ ತಂದದ್ದೇ ಹಾಗೆ, ಒಂದು ಮೆಟ್ಟಿಲು ಏರಿದರೆ ಹೈಡ್ರೋಜನ್ ಅಯಾನುಗಳು ಹತ್ತರಲ್ಲಿ ಒಂದು ಪಾಲಾಗುತ್ತವೆ. ಇದನ್ನು ತೋರಿಸಲು ಒಂದು ಚಮಚ ಲಿಂಬೆರಸಕ್ಕೆ ಒಂಬತ್ತು ಚಮಚ ನೀರು ಸೇರಿಸಿ ‘ಈಗ 3 ಆಯ್ತು’ ಎನ್ನುತ್ತಾರೆ. ಆಗಿರುವುದಿಲ್ಲ. ಲಿಂಬೆಯ ಸಿಟ್ರಿಕ್ ಆಮ್ಲ ದುರ್ಬಲ, ಅದರ ಹೆಚ್ಚಿನ ಪಾಲು ಅಯಾನು ಬಿಡದೆ ಹಾಗೇ ಉಳಿದಿರುತ್ತದೆ. ನೀರು ಹಾಕಿದ ಹಾಗೆ ಇನ್ನಷ್ಟು ಬಿಟ್ಟುಕೊಡುತ್ತದೆ, ಪಿಎಚ್ ಒಂದು ಪೂರ್ತಿ ಮೆಟ್ಟಿಲು ಏರುವುದಿಲ್ಲ. ಲ್ಯಾಬಿನಲ್ಲಿ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಇದ್ದರೆ ಅದನ್ನೇ ಹೀಗೆ ಎರಡು ಸಲ ತೆಳು ಮಾಡಿ. 1, 2, 3 ಸರಿಯಾಗಿ ಬರುತ್ತದೆ, 3ಕ್ಕೆ ಬಂದಾಗ ಕೆಂಪು ಮಾಸಿ ಗುಲಾಬಿ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ತೆಳು ಮಾಡಿದರೆ ಅಷ್ಟು ಕಡಿಮೆ ಆಮ್ಲಕ್ಕೆ ಇಪ್ಪತ್ತು ಹನಿ ರಸವೇ ಜಾಸ್ತಿಯಾಗಿ, ಪಿಎಚ್ಚನ್ನು ಅದೇ ಬದಲಿಸಿಬಿಡುತ್ತದೆ.