ಹಾಲು ಒಡೆಯುವ ಮುನ್ನ ಒಂದು ಸೌಟಿನ ಪರೀಕ್ಷೆ

ಹೋದ ಬೇಸಿಗೆಯಲ್ಲಿ ಅಕ್ಕನ ಮನೆಯಲ್ಲಿದ್ದೆ. ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಅಕ್ಕ ಫ್ರಿಜ್‌ನಲ್ಲಿದ್ದ ನಿನ್ನೆಯ ಅರ್ಧ ಲೀಟರ್ ಹಾಲಿಗೆ ಆಗ ತಾನೇ ತಂದ ಅರ್ಧ ಲೀಟರ್ ಪ್ಯಾಕೆಟ್ ಸುರಿದು ಒಲೆ ಮೇಲಿಟ್ಟಳು. ಉಕ್ಕುವ ಮೊದಲೇ ಪಾತ್ರೆಯ ಅಂಚಿನಲ್ಲಿ ನುಚ್ಚಿನಂಥ ಚೂರುಗಳು ಕಾಣಿಸಿಕೊಂಡವು. ಎರಡು ನಿಮಿಷದಲ್ಲಿ ಇಡೀ ಲೀಟರ್ ಒಡೆದುಹೋಯಿತು. ‘ಪ್ಯಾಕೆಟ್ ಹಾಲೇ ಸರಿಯಿಲ್ಲ’ ಎಂದು ಅಕ್ಕ ಬೇಜಾರು ಮಾಡಿಕೊಂಡಳು. ಪ್ಯಾಕೆಟ್ ಹಾಲು ಚೆನ್ನಾಗಿಯೇ ಇತ್ತು. ಹಳೆಯದರ ಜೊತೆ ಸೇರಿಸಿದ್ದರಿಂದ ಅದೂ ಹಾಳಾಯಿತು. ಇದೇ ತಪ್ಪನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಒಂದು ಸೌಟು, ಒಂದು ನಿಮಿಷ ಇದ್ದರೆ ಸಾಕು, ಇದನ್ನು ತಪ್ಪಿಸಬಹುದು.

ಕಾಯಿಸುವಾಗಲೇ ಯಾಕೆ ಒಡೆಯುತ್ತದೆ?

ಫ್ರಿಜ್‌ನಿಂದ ತೆಗೆದಾಗ ಹಾಲು ನೀರಾಗಿಯೇ ಇತ್ತು, ವಾಸನೆಯೂ ಇರಲಿಲ್ಲ, ಮತ್ತೆ ಒಲೆ ಮೇಲೆ ಏನಾಯಿತು ಎಂದು ಎಲ್ಲರೂ ಕೇಳುತ್ತಾರೆ. ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನ್ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಈ ಉಂಡೆಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಅದಕ್ಕೇ ಹಾಲು ಒಂದೇ ಹದವಾಗಿ ಬೆಳ್ಳಗಿರುತ್ತದೆ. ಹಾಲಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ. ಹುಳಿ ಹೆಚ್ಚಿದಂತೆ ಈ ತಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಕೊನೆಗೆ ಉಂಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ತಣ್ಣಗಿರುವ ಹಾಲು ಗಟ್ಟಿಯಾಗಲು ಮೊಸರಿನಷ್ಟು ಹುಳಿ ಬೇಕು. ಕುದಿಯುವ ಹಾಲಿಗೆ ಅಷ್ಟು ಬೇಡ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಎನ್ನುತ್ತಾರೆ, ಹುಳಿ ಹೆಚ್ಚಿದಂತೆ ಅದು ಇಳಿಯುತ್ತದೆ. ತಾಜಾ ಹಾಲಿನ ಪಿಎಚ್ ಸುಮಾರು 6.7. ತಣ್ಣಗಿದ್ದಾಗ ಅದು 4.6ರ ಹತ್ತಿರ ಇಳಿದರೆ ಪೂರ್ತಿ ಗಟ್ಟಿಯಾಗುತ್ತದೆ. ಆದರೆ ಕುದಿಸುವಾಗ 6.3ರ ಆಸುಪಾಸಿಗೆ ಬಂದರೂ ಸಾಕು, ಒಡೆಯುತ್ತದೆ. ಅಷ್ಟು ಸಣ್ಣ ಹುಳಿ ಮೂಗಿಗೆ ತಿಳಿಯುವುದು ಕಷ್ಟ, ಎಷ್ಟೋ ಸಲ ನಾಲಿಗೆಗೂ ಸಿಗುವುದಿಲ್ಲ. ಹಾಗಾಗಿ ಮೂಸಿ ನೋಡಿ ‘ಸರಿಯಾಗಿದೆ’ ಎನ್ನುವುದನ್ನು ನಂಬಬೇಡಿ.

ಹಂತ 1: ಪಾತ್ರೆ ಮತ್ತು ಜಾಗ

ಪಾತ್ರೆಯನ್ನು ತೊಳೆದ ಮೇಲೆ ಅಂಚಿನ ಮಡಿಕೆಗೆ ಬೆರಳಾಡಿಸಿ. ಜಿಡ್ಡು ಸಿಕ್ಕರೆ ಇನ್ನೊಮ್ಮೆ ಉಜ್ಜಿ ಕುದಿಯುವ ನೀರು ಸುರಿಯಿರಿ. ಪ್ಲಾಸ್ಟಿಕ್ ಜಗ್‌ನಲ್ಲಿ ಹಾಲಿಡುವುದು ನನಗೆ ಇಷ್ಟವಿಲ್ಲ. ಅದರ ಒಳಗಿನ ಗೀರುಗಳಲ್ಲಿ ಕುಳಿತ ಹಳೆಯ ಹಾಲು ತೊಳೆದರೂ ಹೋಗುವುದಿಲ್ಲ. ಸ್ಟೀಲ್ ಪಾತ್ರೆ ಇಟ್ಟುಕೊಳ್ಳಿ. ಫ್ರಿಜ್‌ನಲ್ಲಿ ಬಾಗಿಲಿನ ಕಡೆ ಇಡಬೇಡಿ, ಅಲ್ಲೇ ಸೆಕೆ ಜಾಸ್ತಿ. ಒಳಗಿನ ತಟ್ಟೆಯಲ್ಲಿ, ಹಿಂದಕ್ಕೆ ಇಡಿ. ಪ್ಯಾಕೆಟ್ ಮೇಲಿನ ದಿನಾಂಕ ತಣ್ಣಗಿಟ್ಟ ಹಾಲಿಗೆ ಮಾತ್ರ ಅನ್ವಯ. ಗೇಟಿಗೆ ತೂಗುಹಾಕಿದ ಚೀಲದಲ್ಲಿ ಎರಡು ಗಂಟೆ ಬಿಸಿಲು ಕಂಡ ಪ್ಯಾಕೆಟ್‌ಗೆ ಆ ದಿನಾಂಕದಿಂದ ಉಪಯೋಗವಿಲ್ಲ.

ಹಂತ 2: ಸೌಟಿನ ಪರೀಕ್ಷೆ

ಡೇರಿಗಳಲ್ಲಿ ಹಾಲು ತೆಗೆದುಕೊಳ್ಳುವಾಗ ಸ್ವಲ್ಪ ಹಾಲನ್ನು ಕುದಿಸಿ ಒಡೆಯುತ್ತದಾ ಎಂದು ನೋಡುವ ಪದ್ಧತಿ ಹಳೆಯದು. ಅದನ್ನೇ ಮನೆಯಲ್ಲಿ ಮಾಡಬೇಕು. ಹಳೆಯ ಹಾಲು ಇದ್ದಾಗ, ಕರೆಂಟ್ ಹೋಗಿದ್ದಾಗ, ಪ್ಯಾಕೆಟ್ ಬೆಚ್ಚಗೆ ಬಂದಾಗ ಇದನ್ನು ಬಿಡಲೇಬೇಡಿ.

ಮೊದಲು ಹಾಲನ್ನು ಚೆನ್ನಾಗಿ ಕದಡಿ. ಮೇಲಿನ ಕೆನೆ ಮಾತ್ರ ಸೌಟಿಗೆ ಬಂದರೆ ಪರೀಕ್ಷೆ ಕೆಡುತ್ತದೆ. ಒಣಗಿದ ಸ್ಟೀಲ್ ಸೌಟಿಗೆ ಎರಡು ಚಮಚ ಹಾಲು ಹಾಕಿಕೊಳ್ಳಿ. ಆ ಸೌಟು ಸಾರಿಗೆ, ಮೊಸರಿಗೆ, ಹುಣಸೆಹಣ್ಣಿನ ಗೊಜ್ಜಿಗೆ ಹಾಕಿದ್ದಾಗಿರಬಾರದು. ಕಣ್ಣಿಗೆ ಕಾಣದಷ್ಟು ಹುಳಿ ಅಂಟಿಕೊಂಡಿದ್ದರೂ ಒಳ್ಳೆಯ ಹಾಲೇ ಒಡೆದಂತೆ ಕಾಣುತ್ತದೆ. ಹಿಡಿ ಬಿಸಿಯಾಗುತ್ತದೆ, ಬಟ್ಟೆಯಲ್ಲಿ ಹಿಡಿದುಕೊಳ್ಳಿ. ಸಣ್ಣ ಉರಿಯ ಮೇಲೆ ಹಿಡಿದು, ಬುರಬುರ ಎಂದು ಕುದಿ ಬಂದ ಮೇಲೂ ಹತ್ತು ಎಣಿಸುವಷ್ಟು ಹೊತ್ತು ಬಿಡಿ. ಹೆಚ್ಚಿನವರು ಮೊದಲ ಗುಳ್ಳೆ ಕಂಡ ಕೂಡಲೇ ತೆಗೆದುಬಿಡುತ್ತಾರೆ. ಆಗ ಇನ್ನೂ ಏನೂ ತಿಳಿದಿರುವುದಿಲ್ಲ.

ಈಗ ಸೌಟನ್ನು ನಿಧಾನವಾಗಿ ಓರೆ ಮಾಡಿ. ಹಾಲು ಹಿಂದೆ ಸರಿದ ಜಾಗದಲ್ಲಿ ಸ್ಟೀಲ್ ಹೇಗೆ ಕಾಣುತ್ತದೆ ನೋಡಿ. ತೆಳುವಾದ ಬಿಳಿ ಪದರ ಒಂದೇ ಸಮನೆ ಜಾರಿದರೆ ಹಾಲು ಸರಿ ಇದೆ. ರವೆ ಚೆಲ್ಲಿದಂತೆ ಸಣ್ಣ ಕಾಳುಗಳು ಅಂಟಿಕೊಂಡಿದ್ದರೆ ಪಾತ್ರೆಯಲ್ಲಿರುವುದೂ ಒಡೆಯುತ್ತದೆ.

ಇಲ್ಲಿ ಒಂದು ಗೊಂದಲ ಬರುತ್ತದೆ. ಕಾಯಿಸಿ ತಣ್ಣಗಾದ ಹಾಲಿನಲ್ಲಿ ಕೆನೆಯ ಚೂರುಗಳೂ ಕಾಳಿನಂತೆಯೇ ತೇಲುತ್ತವೆ. ಸ್ವಲ್ಪ ಆರಿದ ಮೇಲೆ ಒಂದು ಚೂರನ್ನು ಬೆರಳುಗಳ ನಡುವೆ ಒತ್ತಿ. ಕೆನೆಯಾದರೆ ಜಿಡ್ಡಾಗಿ ಹರಡಿಕೊಳ್ಳುತ್ತದೆ. ಒಡೆದ ಹಾಲಿನ ಕಾಳಾದರೆ ಹರಡುವುದಿಲ್ಲ, ಪುಟ್ಟ ರಬ್ಬರಿನಂತೆ ಬೆರಳಿಗೆ ಸಿಗುತ್ತದೆ. ಇದನ್ನು ತಿಳಿಯದೆ ಚೆನ್ನಾಗಿದ್ದ ಹಾಲನ್ನು ಚೆಲ್ಲಿದವರನ್ನೂ ನೋಡಿದ್ದೇನೆ.

ಹಳೆಯದು, ಹೊಸದು ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಹಳೆಯದು ಒಡೆದು ಹೊಸದು ಗೆದ್ದರೆ, ಹೊಸದನ್ನು ಕಾಯಿಸಿ, ಹಳೆಯದನ್ನು ಮುಂದೆ ಹೇಳುವ ಅಡುಗೆಗೆ ತೆಗೆದಿಡಿ. ಎರಡೂ ಗೆದ್ದರೂ ನಾನು ಒಂದೇ ಪಾತ್ರೆಗೆ ಸುರಿಯುವುದಿಲ್ಲ. ಪರೀಕ್ಷೆಯಲ್ಲಿ ಗೆದ್ದ ಹಾಲನ್ನು ಆಗಲೇ ಕಾಯಿಸಿಬಿಡಬೇಕು. ಸ್ನಾನ ಮುಗಿಸಿ ಬಂದು ಕಾಯಿಸೋಣ ಎಂದರೆ, ಬೇಸಿಗೆಯಲ್ಲಿ ಅಷ್ಟರೊಳಗೆ ಹುಳಿ ಏರಿರಬಹುದು.

ಅನುಮಾನ ಬಂದ ಹಾಲಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಕಾಯಿಸುವ ರೂಢಿ ಕೆಲವರಿಗಿದೆ. ಸೋಡಾ ಹುಳಿಯನ್ನು ತಗ್ಗಿಸುತ್ತದೆ, ಹಾಲು ಒಡೆಯದೇ ಇರಲೂಬಹುದು. ಆದರೆ ಹುಳಿ ಮಾಡಿದ ಬ್ಯಾಕ್ಟೀರಿಯಾ ಅಲ್ಲೇ ಬೆಳೆದಿದ್ದವು ಎಂಬುದನ್ನು ಅದು ಮುಚ್ಚಿಡುತ್ತದೆ. ರುಚಿಯೂ ಕೆಡುತ್ತದೆ. ಮಾಡಬೇಡಿ. ಒಡೆದ ಮೇಲೆ ಸೋಡಾ ಹಾಕಿದರೂ ಕಾಳುಗಳು ಮತ್ತೆ ಹಾಲಾಗುವುದಿಲ್ಲ.

ಹಂತ 3: ಕಾಯಿಸಿ, ಬೇಗ ಆರಿಸಿ

ಮಧ್ಯಮ ಉರಿಯಲ್ಲಿ ಪೂರ್ತಿ ಉಕ್ಕು ಬರಲಿ. ಆಮೇಲೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ ಫ್ರಿಜ್‌ಗೆ ಇಡಿ. ಮಧ್ಯಾಹ್ನದವರೆಗೆ ಒಲೆ ಮೇಲೆ ಬಿಡಬೇಡಿ. ಸೀಟಿ ಹಾಕುವ ಹಾಲಿನ ಕುಕ್ಕರ್‌ಗಳು ಉಕ್ಕುವುದನ್ನು ತಡೆಯುತ್ತವೆ, ಒಡೆಯುವುದನ್ನಲ್ಲ. ಅದಕ್ಕಾಗಿ ದುಡ್ಡು ಕೊಡಬೇಕಿಲ್ಲ.

ತಾಜಾ ಹಾಲೇ ಒಡೆಯುವ ಎರಡು ಸಂದರ್ಭ ಹೇಳಿಬಿಡುತ್ತೇನೆ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ. ಚಹಾ ಮಾಡುವಾಗ ಶುಂಠಿಯನ್ನು ಮೊದಲು ನೀರಿನಲ್ಲಿ ಎರಡು ಮೂರು ನಿಮಿಷ ಕುದಿಸಿದರೆ ಅದು ಸಾಯುತ್ತದೆ. ಹಾಲು ಆಮೇಲೆ ಹಾಕಿ. ಬೆಲ್ಲದ ಪಾಯಸದಲ್ಲಿ ಬೆಲ್ಲದ ಸ್ವಲ್ಪ ಹುಳಿಯೇ ಕಾರಣ. ಬೆಲ್ಲವನ್ನು ಕರಗಿಸಿ, ಸೋಸಿ, ಒಲೆ ಆರಿಸಿ, ಪಾಯಸ ಉಗುರುಬೆಚ್ಚಗಾದ ಮೇಲೆ ಕಾಯಿಸಿದ ಹಾಲು ಬೆರೆಸಿ. ಆಮೇಲೆ ಮತ್ತೆ ಕುದಿಸಬೇಡಿ. ಕರು ಹಾಕಿದ ಹಸುವಿನ ಗಿಣ್ಣು ಹಾಲು ಗಟ್ಟಿಯಾಗುವುದು ಇವುಗಳಂತೆ ಅಲ್ಲ. ಅದರಲ್ಲಿ ಬಿಸಿಗೆ ಹೆಪ್ಪುಗಟ್ಟುವ ಬೇರೆ ಪ್ರೋಟೀನ್‌ಗಳು ತುಂಬಾ ಇರುತ್ತವೆ. ಅದು ಕೆಟ್ಟದ್ದಲ್ಲ.

ಹಂತ 4: ಒಡೆದೇ ಹೋಯಿತು, ಈಗ?

ಒಲೆ ಆರಿಸಿ ಮೂಸಿ ನೋಡಿ. ಕೊಳೆತ ವಾಸನೆ ಇದ್ದರೆ, ಎಳೆ ಎಳೆಯಾಗಿ ಲೋಳೆ ಬರುತ್ತಿದ್ದರೆ ಅಥವಾ ಪ್ಯಾಕೆಟ್ ಮೊದಲೇ ಉಬ್ಬಿಕೊಂಡಿದ್ದರೆ ಚೆಲ್ಲಿಬಿಡಿ. ಇಲ್ಲವಾದರೆ ತಿಳಿನೀರಿನ ಒಂದು ಹನಿ ನಾಲಿಗೆಗೆ ಹಾಕಿ, ಉಗುಳಿ. ಕಹಿ ಇದ್ದರೆ ಅದೂ ಚೆಲ್ಲುವ ಹಾಲೇ. ಕೆಲವು ಬ್ಯಾಕ್ಟೀರಿಯಾಗಳು ಹುಳಿ ಮಾಡದೆ ಪ್ರೋಟೀನನ್ನೇ ಕಡಿಯುತ್ತವೆ, ಆಗ ಹಾಲು ಕಹಿಯಾಗಿ ಒಡೆಯುತ್ತದೆ. ‘ಕುದಿಸಿದೆನಲ್ಲ, ಏನೂ ಆಗಲ್ಲ’ ಎನ್ನಬೇಡಿ. ಕೆಲವು ಬ್ಯಾಕ್ಟೀರಿಯಾ ಬಿಟ್ಟುಹೋದ ವಿಷ ಕುದಿಸಿದರೂ ಹೋಗುವುದಿಲ್ಲ.

ತಿಳಿನೀರು ಹುಳಿಯಾಗಿದ್ದರೆ ಸೋಸಿ ಪಲ್ಯ ಮಾಡಿ. ಹುಳಿಯೇ ತಿಳಿಯದಷ್ಟು ಸಿಹಿಯಾಗಿದ್ದರೆ ಕುಂದಾ ಮಾಡಿ. ಹುಳಿ ಹಾಲಿನಲ್ಲಿ ಸಿಹಿ ಮಾಡಲು ಹೋದರೆ, ನೀರು ಇಂಗಿದಂತೆ ಹುಳಿಯೂ ಗಟ್ಟಿಯಾಗುತ್ತದೆ, ಸಕ್ಕರೆ ದಂಡ.

ಪಲ್ಯಕ್ಕೆ: ನೀರು ಇನ್ನೂ ಬೆಳ್ಳಗಿದ್ದರೆ ಹಾಲು ಅರ್ಧ ಮಾತ್ರ ಒಡೆದಿದೆ ಎಂದರ್ಥ. ಬಿಸಿಯಾಗಿರುವಾಗಲೇ ನಿಂಬೆರಸವನ್ನು ಅರ್ಧರ್ಧ ಚಮಚ ಹಾಕುತ್ತಾ, ನೀರು ತಿಳಿಹಸಿರಾಗಿ ಕಂಡ ಕೂಡಲೇ ನಿಲ್ಲಿಸಿ. ತೆಳು ಬಟ್ಟೆಯಲ್ಲಿ ಸೋಸಿ, ತಣ್ಣೀರು ಸುರಿದು ಹುಳಿ ತೊಳೆದು, ಅರ್ಧ ಗಂಟೆ ತೂಗುಹಾಕಿ. ಅರ್ಧ ಲೀಟರಿಗೆ ಒಂದು ಹಿಡಿ ಪನೀರ್ ಸಿಗುತ್ತದೆ. ಸಾಸಿವೆ, ಹಸಿಮೆಣಸಿನಕಾಯಿ, ಈರುಳ್ಳಿ ಒಗ್ಗರಣೆಗೆ ಉದುರಿಸಿ, ಅರಿಶಿನ, ಉಪ್ಪು ಹಾಕಿ ಮೂರು ನಿಮಿಷ ಬಾಡಿಸಿ. ಸೋಸಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ, ಚಪಾತಿ ಮೆತ್ತಗೆ ಬರುತ್ತದೆ.

ಅರ್ಧ ಲೀಟರ್ ಒಡೆದ ಹಾಲಿನ ಕುಂದಾ

ಬೆಳಗಾವಿಯ ಕುಂದಾವನ್ನು ಮನೆಯಲ್ಲಿ ಮಾಡುವವರು ಕುದಿಯುವ ಹಾಲಿಗೆ ಬೇಕೆಂದೇ ಮೊಸರು ಹಾಕಿ ಒಡೆಸುತ್ತಾರೆ. ಅದರ ಕಾಳು ಕಾಳಾದ ಹದ ಅಲ್ಲಿಂದಲೇ ಬರುತ್ತದೆ. ನಿಮ್ಮ ಹಾಲು ಆ ಕೆಲಸವನ್ನು ಮೊದಲೇ ಮಾಡಿಕೊಂಡಿದೆ.

ಸೋಸಬೇಡಿ. ದಪ್ಪ ತಳದ ಬಾಣಲೆಗೆ ನೀರು ಸಮೇತ ಸುರಿದು ಮಧ್ಯಮ ಉರಿಯಲ್ಲಿಡಿ. ಮೊದಲ ಕಾಲು ಗಂಟೆ ಆಗೊಮ್ಮೆ ಈಗೊಮ್ಮೆ ತಿರುವಿದರೆ ಸಾಕು. ನೀರು ಕಾಲು ಭಾಗಕ್ಕೆ ಇಳಿದ ಮೇಲೆ ಕೈ ಬಿಡಬಾರದು, ತಳ ಹಿಡಿಯುತ್ತದೆ. ಒಟ್ಟು ನಾಲ್ಕು ದೊಡ್ಡ ಚಮಚ ಸಕ್ಕರೆ ಬೇಕು. ಅದರಲ್ಲಿ ಎರಡು ಚಮಚವನ್ನು ಬಾಣಲೆಗೆ ನೇರವಾಗಿ ಹಾಕಿ. ಉಳಿದ ಎರಡನ್ನು ಬೇರೆ ಸಣ್ಣ ಪಾತ್ರೆಯಲ್ಲಿ, ನೀರು ಹಾಕದೆ, ಸಣ್ಣ ಉರಿಯಲ್ಲಿ ಕರಗಿಸಿ. ಜೇನಿನ ಬಣ್ಣ ದಾಟಿ ಕಂದು ಬಂದ ಕ್ಷಣ ಬಾಣಲೆಗೆ ಸುರಿಯಿರಿ. ಹೊಗೆ ಬಂದರೆ ಕಹಿಯಾಗುತ್ತದೆ. ಸುರಿದಾಗ ಬುಸ್ಸೆಂದು ಉಕ್ಕಿ ಸಿಡಿಯುತ್ತದೆ, ಮುಖ ದೂರವಿರಲಿ. ಸಕ್ಕರೆ ಗಂಟು ಕಟ್ಟಿದರೆ ಹೆದರಬೇಡಿ, ತಿರುವುತ್ತಿದ್ದರೆ ಕರಗುತ್ತದೆ.

ತಿರುವುತ್ತಾ ಹೋದಂತೆ ಕಂದು ಬಣ್ಣ ಎಲ್ಲ ಕಡೆ ಹಿಡಿಯುತ್ತದೆ. ಸೌಟಿನಿಂದ ಬಾಣಲೆಯ ನಡುವೆ ಒಂದು ಗೆರೆ ಎಳೆಯಿರಿ. ನೀರು ಓಡಿಬಂದು ಗೆರೆ ಮುಚ್ಚಿದರೆ ಇನ್ನೂ ಆಗಿಲ್ಲ. ಗೆರೆ ಹಾಗೇ ನಿಂತು ತಳ ಕಂಡರೆ ಒಲೆ ಆರಿಸಿ, ಎರಡು ಏಲಕ್ಕಿ ಪುಡಿ ಮಾಡಿ ಹಾಕಿ. ಬಿಸಿಯಲ್ಲಿ ಸ್ವಲ್ಪ ಸಡಿಲ ಅನಿಸುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಅರ್ಧ ಲೀಟರಿಗೆ ಮೂರು ನಾಲ್ಕು ಸಣ್ಣ ಬಟ್ಟಲಷ್ಟೇ ಆಗುವುದು. ಅಂದೇ ತಿಂದು ಮುಗಿಸಿ, ಉಳಿದರೆ ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಖಾಲಿ ಮಾಡಿ.